ಬಾಗಿಲ ಹಿಂದಿನ ಸಾಕ್ಷಿ

ತನ್ನ ಆಧಾರ ಕಾರ್ಡು ಎಲ್ಲೋ ಕಳೆದಿದೆ ಎಂದು ಅತ್ತೆ ರುಕ್ಮವ್ವ ಹೇಳಿದಾಗ ನಾಗರತ್ನಾ ನಂಬಿದ್ದಳು. ಗಬ್ಬೂರಿನಲ್ಲಿ ಬಸ್ಸು ಹತ್ತಿದ ಮೇಲೆ ಅದೇ ರುಕ್ಮವ್ವ ಸಂಚಿಯಿಂದ ಕಾರ್ಡು ತೆಗೆದು ಕಂಡಕ್ಟರನಿಗೆ ತೋರಿಸಿ, ಹೆಂಗಸರ ಪುಕ್ಕಟೆ ಟಿಕೆಟು ಪಡೆದು, ಮತ್ತೆ ಒಳಗೆ ಸೇರಿಸಿದಳು. ನಾಗರತ್ನಾ ಕಿಟಕಿಯ ಕಡೆ ಮುಖ ಮಾಡಿಯೇ ಎಲ್ಲ ನೋಡಿದಳು.

ಹಾಗಾದರೆ, ಲಗ್ನದ ನೋಂದಣಿಗೆ ಸಾಕ್ಷಿಯಾಗಲು ಇವರಿಗೆ ಮನಸ್ಸಿಲ್ಲ.

ಅವಳ ಅಕ್ಕ ದೇವಕ್ಕನನ್ನು ಗಂಡನ ಮನೆಯವರು ಹೊರಗೆ ಹಾಕಿದಾಗ, "ನಿನ್ನ ಯಾರ ಲಗ್ನಾ ಆಗ್ಯಾರ? ಕಾಗದಾ ತೋರ್ಸು" ಅಂದಿದ್ದರು. ಕೊರಳಲ್ಲಿ ತಾಳಿ ಇತ್ತು, ಕಾಗದ ಇರಲಿಲ್ಲ. ಅದಕ್ಕೇ ನಾಗರತ್ನಾಳದು ಒಂದೇ ಹಟ: ತನ್ನ ಲಗ್ನ ನೋಂದಣಿಯಾಗಬೇಕು, ಗಂಡನ ಮನೆಯವರೂ ಸಹಿ ಹಾಕಬೇಕು.

ಗಂಡ ಶಶಿಕಾಂತ ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಇಬ್ಬರ ವಯಸ್ಸು-ವಿಳಾಸದ ದಾಖಲೆ ಹಚ್ಚಿ ಈ ದಿನ ಗೊತ್ತುಮಾಡಿದ್ದ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮೂವರು ಸಾಕ್ಷಿ ಬೇಕಿತ್ತು. ನಾಗರತ್ನಾಳ ಅಪ್ಪ, ಅಣ್ಣ ಸಿದ್ಧರಿದ್ದರು. ಮೂರನೆಯವನು, ರುಕ್ಮವ್ವನ ಬದಲಿಗೆ, ಶಿರಗುಪ್ಪಿಯಿಂದ ಬಂದ ಶಶಿಕಾಂತನ ಸೋದರಮಾವ ಹೊಳೆಯಪ್ಪ. ಅವನ ಕೈಯಲ್ಲಿದ್ದದ್ದು ಆಧಾರಿನ ಝೆರಾಕ್ಸ್ ಮಾತ್ರ.

"ಅಸಲು ಬೇಕ್ರಿ, ಕಾಕಾ" ಎಂದ ಗುಮಾಸ್ತ.

"ಮಾರಿ ಅಸಲೈತಲ್ಲೋ ತಮ್ಮಾ!" ಹೊಳೆಯಪ್ಪ ತನ್ನ ಮುಖ ಮುಂದೆ ಚಾಚಿದ.

"ಮಾರಿ ನಡಿಯೂದಿಲ್ರಿ. ಬ್ಯಾರೇ ಯಾರರ ಅದಾರೇನು? ಇಲ್ಲಂದ್ರ ಇನ್ನೊಂದ ದಿನ ಬರ್ರಿ."

ನಾಗರತ್ನಾಳಿಗೆ ತಡೆಯಲಾಗಲಿಲ್ಲ. "ಅತ್ತಿಯವ್ರ ಸಂಚ್ಯಾಗ ಕಾರ್ಡ್ ಐತ್ರಿ."

ಶಶಿಕಾಂತ ತಾಯಿಯ ಕಡೆ ತಿರುಗಿದ. "ಯವ್ವಾ, ಕಳದೈತಿ ಅಂದಿದ್ದಿಯಲ್ಲಾ?"

"ನಾ ಲಗ್ನಾ ನೋಡಿಲ್ಲಪಾ" ಎಂದಳು ರುಕ್ಮವ್ವ, ನೆಲ ನೋಡುತ್ತ. "ಅಡಗಿ ಮನ್ಯಾಗಿದ್ದೆ."

ನಾಗರತ್ನಾ ಅರ್ಜಿಯ ಜೊತೆಗಿದ್ದ ಫೋಟೊ ಮುಂದೆ ಹಿಡಿದಳು. ತಾಳಿ ಕಟ್ಟುವ ಶಶಿಕಾಂತನ ಹಿಂದೆ ಅರೆ ತೆರೆದ ಬಾಗಿಲು, ಬಾಗಿಲಲ್ಲಿ ಅರ್ಧ ಮುಖ, ಎದೆಗೊತ್ತಿದ ಒಂದು ಮುಷ್ಟಿ.

"ಇವ್ರ ಯಾರ್ರಿ ಅತ್ತಿ? ನಾಳೆ ನನ್ನ ಹೊರಗ ಹಾಕಿದ್ರೂ ಹಿಂಗ ನೋಡಿಲ್ಲ ಅಂತೀರೇನು?"

ರುಕ್ಮವ್ವ ಫೋಟೊದ ಮೇಲೆ ಬೆರಳಿಟ್ಟಳು.

"ಗಂಡ ಇಲ್ಲದಾಕಿ ನಾನು. ಶುಭಕಾರ್ಯದಾಗ ನನ್ನ ನೆರಳ ಬೀಳಬಾರ್ದಂತ ಹಿಂದ ನಿಂತಿದ್ದೆ. ಅಕ್ಷತಿ ಅಕ್ಕಿಕಾಳ ಮುಟಗ್ಯಾಗ ಇದ್ದೂವು, ನಿಮ್ಮ ಮ್ಯಾಲ ಒಗೀಲಿಲ್ಲ. ಕಾಳ ಒಗೀಬಾರದ ಕೈ ನಿಮ್ಮ ಲಗ್ನದ ಕಾಗದಾ ಮುಟ್ಟಬೇಕೇನು?"

ನಾಗರತ್ನಾ ಫೋಟೊ ಕೆಳಗಿಳಿಸಿದಳು. ಗುಮಾಸ್ತ ಮೆಲ್ಲಗೆ ಕೇಳಿದ: "ಆಯೀ, ನೆರಳಿನ ಮಾತ ಇಲ್ಲಿಲ್ರಿ. ತಾಳಿ ಕಟ್ಟಿದ್ದು ಕಣ್ಣಿಲೆ ನೋಡೀರೋ ಇಲ್ಲೋ?"

"ನೋಡೇನಿ."

ರುಕ್ಮವ್ವ ಕಾರ್ಡು ಕೊಟ್ಟಳು. ಅಧಿಕಾರಿಯ ಎದುರು ಗಂಡ ಹೆಂಡತಿ ಸಹಿ ಹಾಕಿದರು, ಅವರ ಹಿಂದೆ ಸಾಕ್ಷಿಗಳು. ಎಲ್ಲರಿಗಿಂತ ಕೊನೆಗೆ ರುಕ್ಮವ್ವ, ಪೆನ್ನನ್ನು ಕಣ್ಣಿಗೊತ್ತಿಕೊಂಡು ತನ್ನ ಹೆಸರು ಬರೆದಳು.

ಹೊರಗೆ ಬಂದಾಗ ಅವಳು ಕೇಳಿದಳು: "ಸರ್ಟಿಫಿಕೇಟ್ ಬಂದ್ರ ಯಾರ ಕಡೆ ಇರತೈತಿ?"

ನಾಗರತ್ನಾಳ ಎದೆಯಲ್ಲಿ ಹಳೆಯ ಗುಮಾನಿ ಮತ್ತೆ ತಲೆ ಎತ್ತಿತು. "ಯಾಕ್ರಿ?"

"ನಿನ್ನ ಟ್ರಂಕಿನ್ಯಾಗಿಟ್ಟು ಕೀಲಿ ಹಾಕ್ಕೋ. ನಾ ಕೇಳಿದ್ರೂ ಕೊಡಬ್ಯಾಡ."