ಸೀಲು ಬಿದ್ದ ಪ್ರತಿ

ಜರ್ಮನಿಯ ವಿಶ್ವವಿದ್ಯಾಲಯದಿಂದ ಉತ್ತರ ಬಂದಾಗ ತುಡಾ ಬಟ್ಟೆ ಒಣಹಾಕುತ್ತಿದ್ದಳು. ‘ನಿಮ್ಮ ಹೆಸರಿನಲ್ಲಿ ನಮಗೆ ಯಾವ ಅರ್ಜಿಯೂ ಬಂದಿಲ್ಲ. ಕೊನೆಯ ದಿನವಾದ ಜುಲೈ ಹದಿನೈದು ಮುಗಿದಿದೆ.’ ಎರಡು ಸಲ ಓದಿ, ಉಳಿದ ಬಟ್ಟೆಗಳನ್ನೂ ಒಣಹಾಕಿ ಮುಗಿಸಿದಳು. ಅಳು ಬರಲಿಲ್ಲ. ಒಳಗೆ ಏನೋ ಆರಿಹೋದ ಹಾಗಿತ್ತು, ಅಷ್ಟೇ.

ಫೆಬ್ರವರಿಯಲ್ಲಿ ಮೊರಾಕೊದ ಮೆಕ್ನೆಸ್ ನಗರದ ಹಮ್ರಿಯಾ ಬಡಾವಣೆಯಲ್ಲಿ, ಎರಡನೇ ಮಹಡಿಯ ಕಚೇರಿಯೊಂದರಲ್ಲಿ, ವಿದೇಶದ ಕಾಲೇಜುಗಳಿಗೆ ಸೇರಿಸುವ ಏಜೆಂಟ್ ಜವಾದ್ ತಾಯಿ-ಮಗಳಿಬ್ಬರಿಗೂ ಚಹಾ ಕೊಟ್ಟು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಅದಕ್ಕೆ ಕೊಟ್ಟ ಹನ್ನೆರಡು ಸಾವಿರ ದಿರ್ಹಮ್ ತಾಯಿ ರಬ್ಹಾ ಶಾಲೆಯ ಅಡುಗೆಮನೆಯಲ್ಲಿ ಆರು ವರ್ಷ ದುಡಿದು ಕೂಡಿಟ್ಟದ್ದು. ಆಮೇಲೆ ಪ್ರತಿ ಸಲ ಫೋನ್ ಮಾಡಿದಾಗಲೂ ಆ ಕಚೇರಿಯಿಂದ ಒಂದೇ ಮಾತು: "ಫೈಲು ಹೋಗಿದೆ, ತಾಳ್ಮೆ ಇರಲಿ."

ತುಡಾ ಒಪ್ಪಂದವನ್ನು ಮತ್ತೆ ಓದಿದಳು. ನಾಲ್ಕನೇ ಅಂಶ ಅಲ್ಲೇ ಇತ್ತು. ಮೇ ಮೂವತ್ತರೊಳಗೆ ಅರ್ಜಿಯ ಸಂಖ್ಯೆ ಕೊಡದಿದ್ದರೆ ಗ್ರಾಹಕರು ಒಪ್ಪಂದ ರದ್ದುಮಾಡಬಹುದು, ಅನುವಾದದ ಖರ್ಚು ಬಿಟ್ಟು ಉಳಿದ ಶುಲ್ಕ ವಾಪಸ್. ಕೋರ್ಟಿನ ಎದುರು ಕೂರುವ ಪತ್ರ ಬರೆಯುವ ಮುದುಕನ ಹತ್ತಿರ ತಾಯಿ-ಮಗಳು ಒಪ್ಪಂದ ರದ್ದುಮಾಡುವ ಪತ್ರದ ಎರಡು ಪ್ರತಿ ಟೈಪ್ ಮಾಡಿಸಿದರು. ಅವನು ಕನ್ನಡಕದ ಮೇಲಿಂದ ನೋಡಿ, "ಒಂದು ಪ್ರತಿಯ ಮೇಲೆ 'ತಲುಪಿದೆ' ಅಂತ ಸೀಲು ಹಾಕಿಸ್ಕೋ ಮಗಳೇ. ಸೀಲಿಲ್ಲ ಅಂದ್ರೆ ನೀನು ಹೋಗೇ ಇಲ್ಲ ಅಂತಾನೆ," ಎಂದ.

ಕಚೇರಿಯಲ್ಲಿ ಜವಾದ್ ಆ ಪತ್ರವನ್ನು ಮುಟ್ಟಲಿಲ್ಲ.

"ರಬ್ಹಾ ಅಮ್ಮಾ, ರದ್ದು ಯಾಕೆ? ರೊಮೇನಿಯಾದ ಕಾಲೇಜಿದೆಯಲ್ಲ, ಅದೇ ದುಡ್ಡಿಗೆ ಸೇರಿಸ್ತೀನಿ. ದುಡ್ಡು ವಾಪಸ್ ಅಂದ್ರೆ ಆರನೇ ಅಂಶ ನೋಡಿ. ವೀಸಾ ತಿರಸ್ಕಾರ ಆಗಿರೋ ಕಾಗದ ಬೇಕು."

"ಅರ್ಜಿನೇ ಹಾಕಿಲ್ಲ. ಯಾರು ತಿರಸ್ಕಾರ ಮಾಡ್ಬೇಕು?" ತುಡಾಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ನಾನು ಹೇಳ್ತಿರೋದು ನಾಲ್ಕನೇ ಅಂಶ."

"ವಕೀಲೆ ಆಗ್ಬಿಟ್ಟೆಯಲ್ಲ!" ಜವಾದ್ ನಕ್ಕ. ಅಷ್ಟರಲ್ಲಿ ಫೋನ್ ಬಂತು. ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಜವಾದ್, ನಿನ್ನ ಮಕ್ಕಳಿಗೂ ಹೀಗೇ ಆಗ್ಲಿ ಅಂತ ನಾನು ದೇವರನ್ನ ಕೇಳಲ್ಲ," ಎಂದು ರಬ್ಹಾ ಮುಚ್ಚಿದ ಬಾಗಿಲಿಗೆ ಹೇಳಿದಳು.

ಬಾಗಿಲ ಬಳಿಯ ಮೇಜಿನಲ್ಲಿದ್ದ ಕಚೇರಿಯ ಸಹಾಯಕಿ ವಫಾ ಇದನ್ನೆಲ್ಲ ಕೇಳುತ್ತಿದ್ದಳು. ಇಪ್ಪತ್ತೈದರ ಹುಡುಗಿ, ಕಳೆದ ಆರು ತಿಂಗಳು ಫೋನ್ ಎತ್ತಿ 'ತಾಳ್ಮೆ ಇರಲಿ' ಅಂದವಳೂ ಅವಳೇ. ಅವಳು ಕಪಾಟು ತೆರೆದು ಒಂದು ದಪ್ಪ ಲಕೋಟೆ ತೆಗೆದು ತುಡಾಳ ಮುಂದಿಟ್ಟಳು. ತುಡಾಳ ಅಂಕಪಟ್ಟಿಗಳನ್ನು ಅನುವಾದಕರು ಮುಚ್ಚಿ ಕಳಿಸಿದ್ದ ಲಕೋಟೆ. ಒಡೆದಿರಲಿಲ್ಲ.

"ಇದು ಇಲ್ಲಿಂದ ಎಲ್ಲಿಗೂ ಹೋಗಿಲ್ಲ," ಎಂದಳು ತಗ್ಗಿದ ದನಿಯಲ್ಲಿ. "ಪತ್ರ ಕೊಡು."

ತುಡಾ ಎರಡೂ ಪ್ರತಿ ಕೊಟ್ಟಳು. ವಫಾ ಒಂದರ ಮೇಲೆ 'ತಲುಪಿದೆ' ಎಂದು ದಿನಾಂಕ ಬರೆದು, ಸಹಿ ಹಾಕಿ, ಕಚೇರಿಯ ಸೀಲನ್ನು ಗಟ್ಟಿಯಾಗಿ ಒತ್ತಿದಳು. ಆ ಪ್ರತಿಯನ್ನು ತುಡಾಳಿಗೆ ವಾಪಸ್ ಕೊಟ್ಟಳು.

"ನಿನಗೆ ತೊಂದರೆ ಆಗಲ್ವೇನಮ್ಮಾ?" ರಬ್ಹಾ ಕೇಳಿದಳು.

"ಆಗುತ್ತೆ ಅಮ್ಮಾ. ಹೋಗಿ, ಅವರು ಬರೋದ್ರೊಳಗೆ ಹೋಗಿ."

ಹದಿನೈದು ದಿನ ಕಾದರು. ಜವಾದ್ ಉತ್ತರಿಸಲಿಲ್ಲ. ಆಮೇಲೆ, ಇವರು ಕೋರಿದಂತೆ, ಕೋರ್ಟಿನ ನೋಟಿಸ್ ಜಾರಿ ಮಾಡುವ ಅಧಿಕಾರಿ ಸೀಲಿನ ಪ್ರತಿಯನ್ನೂ ವಿಶ್ವವಿದ್ಯಾಲಯದ ಉತ್ತರವನ್ನೂ ಲಗತ್ತಿಸಿ ಕಚೇರಿಗೆ ನೋಟಿಸ್ ಮುಟ್ಟಿಸಿದರು: ಹಣ ಕೊಡದಿದ್ದರೆ ದಾವೆ. ಏಳನೇ ದಿನ ಜವಾದ್ ತಾನೇ ಫೋನ್ ಮಾಡಿದ.

ಈ ಸಲ ಚಹಾ ಕೊಡಲಿಲ್ಲ. ಅನುವಾದಕರ ರಸೀದಿ ತೋರಿಸಿ ಅಷ್ಟನ್ನು ಮುರಿದುಕೊಂಡು ಉಳಿದದ್ದಕ್ಕೆ ಚೆಕ್ ಬರೆದ. "ಇನ್ನು ನಮ್ಮ ನಡುವೆ ಯಾವ ಲೆಕ್ಕವೂ ಇಲ್ಲ" ಎಂಬ ಕಾಗದ ಮುಂದಿಟ್ಟ. ತುಡಾ ಒಂದು ಸಾಲು ಸೇರಿಸಿದಳು: 'ಚೆಕ್ ಪಾಸಾದ ಮೇಲೆ.' ಸಹಿ ಹಾಕಿದಳು. ಗೆದ್ದೆ ಅನ್ನಿಸಬೇಕಿತ್ತು. ಪೆನ್ನು ಎಷ್ಟು ತಣ್ಣಗಿದೆ ಎಂಬುದಷ್ಟೇ ಅವಳಿಗೆ ಗೊತ್ತಾಯಿತು.

ಬಾಗಿಲ ಬಳಿಯ ಮೇಜಿನಲ್ಲಿ ಬೇರೊಬ್ಬಳು ಕೂತಿದ್ದಳು.

"ವಫಾ ಎಲ್ಲಿ?"

"ಕೆಲಸ ಬಿಟ್ಟಳು," ಎಂದ ಜವಾದ್, ಮುಖ ಎತ್ತದೆ.

ಚೆಕ್ ಪಾಸಾದ ದಿನ ರಬ್ಹಾ ಬ್ಯಾಂಕಿನ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ತುಡಾ ಪಕ್ಕದಲ್ಲಿ ಕೂತು ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ತನ್ನದೇ ಅನ್ನಿಸಲಿಲ್ಲ. ಜೊತೆಗೆ ಓದಿದವರೆಲ್ಲ ಎಲ್ಲೆಲ್ಲೋ ಸೇರಿ ತಿಂಗಳಾಗಿತ್ತು. ಊರಿನ ಕಾಲೇಜಿನ ದಾಖಲಾತಿಯೂ ಮುಗಿದಿತ್ತು.

ಸಂಜೆ ಹೇಗೋ ವಫಾಳ ನಂಬರು ಹುಡುಕಿ ಫೋನ್ ಮಾಡಿದಳು.

"ದುಡ್ಡು ಬಂತು. ನಿನ್ನಿಂದ."

"ಹಮ್ದುಲಿಲ್ಲಾ. ನಾನು ಹಲ್ಲಿನ ಡಾಕ್ಟರ ಹತ್ರ ಸೇರಿದೀನಿ. ಸಂಬಳ ಕಡಿಮೆ, ಸುಳ್ಳೂ ಕಡಿಮೆ," ಎಂದು ವಫಾ ನಕ್ಕಳು. "ನೀನೇನ್ ಮಾಡ್ತೀಯ ಈಗ?"

"ಇನ್ನೂ ಗೊತ್ತಿಲ್ಲ," ಎಂದಳು ತುಡಾ. ವಫಾ ಫೋನ್ ಇಡಲಿಲ್ಲ; ಆಚೆ ಕಡೆ ಅವಳ ಮುಂದಿನ ಮಾತಿಗೆ ಕಾಯುತ್ತಿದ್ದಳು.