ಹಳದಿ ಹಲಗೆ

ಗಾರೆ ಕೆಲಸದ ಆ ಮನುಷ್ಯನಿಗೆ ಸೈಟಿನಲ್ಲಿ ಯಾಕಪ್ಪ ಎಂದೇ ಹೆಸರು. ಕೆಲಸಕ್ಕೆ ಇಳಿಯುವ ಮುಂಚೆ ಹೊಸಬರಿಗೆಲ್ಲ ಸೇಫ್ಟಿ ಮೇಡಂ ಮಾಡುವ ಇಂಡಕ್ಷನ್ ಪಾಠದಲ್ಲಿ ಬೇರೆಯವರು ಆಕಳಿಸುತ್ತಿದ್ದರೆ, ಇವನು ಒಂದೊಂದು ಮಾತಿಗೂ "ಯಾಕೆ ಮೇಡಂ?" ಎಂದು ಕೈ ಎತ್ತುತ್ತಿದ್ದ. "ಯಾಕಪ್ಪಾ, ಊಟಕ್ಕಾದ್ರೂ ಬಿಡಪ್ಪಾ" ಎಂದು ಹಿಂದಿನಿಂದ ಯಾರೋ ಗೇಲಿ ಮಾಡಿದ್ದರು. ಮೇಡಂಗೆ ಮಾತ್ರ ಅವನು ಬಲು ಇಷ್ಟವಾಗಿದ್ದ. ಇಪ್ಪತ್ತು ವರ್ಷದ ನೌಕರಿಯಲ್ಲಿ ತನ್ನ ಪಾಠವನ್ನು ನಿಜವಾಗಿ ಕೇಳಿಸಿಕೊಂಡವರು ಬೆರಳೆಣಿಕೆಯಷ್ಟು.

ಸೋಮವಾರ ಅವನು ಎಂಟನೇ ಮಹಡಿಯಿಂದ ಎ.ಸಿ. ಗಾಳಿಯ ಡಕ್ಟ್ ಹಾದುಹೋಗಲು ನೆಲದಲ್ಲಿ ಬಿಟ್ಟ ಕಿಂಡಿಯೊಳಗೆ ಬಿದ್ದು ಸತ್ತ.

ಬುಧವಾರ ಬೆಳಿಗ್ಗೆ ಸೈಟ್ ಆಫೀಸಿನಲ್ಲಿ ಸಭೆ. ಮೇಜಿನ ಸುತ್ತ ಕೂತ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಫೈಲು, ಪ್ರತಿ ಫೈಲಿನಲ್ಲೂ ಇನ್ನೊಬ್ಬರ ಸಹಿ. ಕಿಂಡಿ ಮುಚ್ಚುವುದು ಮುಖ್ಯ ಗುತ್ತಿಗೆದಾರರ ಹೊಣೆ ಎಂದ ಡಕ್ಟ್ ಗುತ್ತಿಗೆದಾರ. ನಾವು ಮುಚ್ಚಿದ್ದೆವು, ತೆಗೆದವರು ನೀವು ಎಂದ ಮುಖ್ಯ ಗುತ್ತಿಗೆದಾರರ ಪ್ರಾಜೆಕ್ಟ್ ಮ್ಯಾನೇಜರ್. ನಮ್ಮವನಿಗೆ ಅದೆಲ್ಲ ಏನು ಗೊತ್ತು ಎಂದ ಗಾರೆ ಗುತ್ತಿಗೆದಾರ. ಎತ್ತು ಏರಿಗೆ, ಕೋಣ ನೀರಿಗೆ.

ಮೇಡಂ ತನ್ನ ಫೈಲನ್ನು ತೆರೆಯಲೇ ಇಲ್ಲ. ಅದರಲ್ಲಿದ್ದುದು ಅವಳಿಗೆ ಬಾಯಿಪಾಠ. ಐದು ತಿಂಗಳ ಹಿಂದೆ ಡಕ್ಟ್ ಗುತ್ತಿಗೆದಾರ ಕೆಲಸಕ್ಕೆ ಯೋಗ್ಯನೋ ಎಂದು ಪರೀಕ್ಷಿಸುವ ಅರ್ಜಿ ಅವಳ ಮೇಜಿಗೆ ಬಂದಿತ್ತು. ಮೂರು ವರ್ಷದ ಅಪಘಾತಗಳ ಲೆಕ್ಕ ಇರಲಿಲ್ಲ, ತರಬೇತಿಯಾದ ಮೇಲ್ವಿಚಾರಕ ಇರಲಿಲ್ಲ. ಬೇಡ ಎಂದಿದ್ದಳು. "ಮೇಡಂ, ಬೇರೆಯವ್ರನ್ನ ಹುಡುಕೋಕೆ ಟೈಮ್ ಎಲ್ಲಿದೆ? ಷರತ್ತು ಹಾಕಿ ಪಾಸ್ ಮಾಡಿ" ಎಂದಿದ್ದ ಮ್ಯಾನೇಜರ್. ಸೈಟಿನಲ್ಲಿ ದಿನವಿಡೀ ಮೇಲ್ವಿಚಾರಕ ಇರಬೇಕು, ಪರ್ಮಿಟ್ ಇಲ್ಲದೆ ಕಿಂಡಿ ಮುಚ್ಚಿದ ಯಾವ ಹಲಗೆಯನ್ನೂ ತೆಗೆಯಕೂಡದು ಎಂದು ಬರೆದು ಅವಳು ಸಹಿ ಹಾಕಿದಳು. ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಯಾರು? ಮ್ಯಾನೇಜರ್ ಎಂದು ಅವಳು, ಅವಳು ಎಂದು ಮ್ಯಾನೇಜರ್. ಎರಡನೇ ತಿಂಗಳಿಗೇ ಷರತ್ತಿನಂತೆ ಬಂದಿದ್ದ ಮೇಲ್ವಿಚಾರಕ ಬೇರೆ ಸೈಟಿಗೆ ಹೋದ. ಕೆಲಸ ಬಿಟ್ಟು ಹೋದವರ ಹೆಲ್ಮೆಟ್ ತಲೆಗೆ ಹಾಕಿಕೊಂಡು, ಡಕ್ಟ್ ಗುತ್ತಿಗೆದಾರನ ಕಡೆಯ, ಇಂಡಕ್ಷನ್ ಆಗದ ಇಬ್ಬರು ಹೊಸಬರು ಗೇಟು ದಾಟಿದರು. ಹೆಲ್ಮೆಟ್ಟಿನ ಮೇಲೆ ಇಂಡಕ್ಷನ್ ಆಗಿದೆ ಎಂದು ಅವಳೇ ಅಂಟಿಸಿದ ಸ್ಟಿಕ್ಕರ್ ಇತ್ತಲ್ಲ, ಕಾವಲುಗಾರ ಯಾಕೆ ತಡೆಯುತ್ತಾನೆ?

ಸೋಮವಾರ ಆ ಇಬ್ಬರೇ ಹಲಗೆಯ ಸ್ಕ್ರೂ ಬಿಚ್ಚಿ ಡಕ್ಟ್ ಮೇಲೆತ್ತಿದರು. ತೂತು ಕಾಣದಿರಲಿ ಎಂದು ಹಲಗೆಯನ್ನು ಸುಮ್ಮನೆ ಮೇಲಿಟ್ಟು ಊಟಕ್ಕೆ ಹೋದರು. ಪಾಪ, ಒಳ್ಳೆಯದನ್ನೇ ಮಾಡಿದೆವು ಅಂದುಕೊಂಡಿದ್ದರು.

"ಮುಗಿಸೋಣ" ಎಂದ ಮ್ಯಾನೇಜರ್. "ಇಂಡಕ್ಷನ್ ಆಗಿದೆ, ಅವನ ಸಹಿ ಇದೆ. 'ಸೂಚನೆ ಪಾಲಿಸದೆ ಕಿಂಡಿಯ ಮೇಲೆ ಹೆಜ್ಜೆ ಇಟ್ಟ' ಅಂತ ಬರೀರಿ. ನಿಮಗೂ ಒಳ್ಳೇದು ಮೇಡಂ."

"ಸೂಚನೆ ಏನಿತ್ತು ಗೊತ್ತಾ ಸಾರ್?" ಎಂದಳು. "ಹಳದಿ ಬಳಿದ ಹಲಗೆ ಸ್ಕ್ರೂ ಹಾಕಿ ಬಿಗಿದಿರುತ್ತೆ, ಭಾರ ತಡೆಯುತ್ತೆ, ಅದರ ಮೇಲೆ ನಡೀಬಹುದು, ಬೇರೆ ಯಾವುದರ ಮೇಲೂ ಕಾಲಿಡಬೇಡಿ ಅಂತ ಹೇಳಿಕೊಟ್ಟವಳು ನಾನು. ಅವನು ಅದನ್ನೇ ಮಾಡ್ದ. ಸ್ಕ್ರೂ ಬಿಚ್ಚಿದ ಹಳದಿ ಹಲಗೆ ಜಾರ್ತು."

"ಅದನ್ನ ಬರೆದ್ರೆ ಮೊದಲು ಹೋಗೋದು ನೀವೇ" ಎಂದು ಮ್ಯಾನೇಜರ್ ಮೆಲ್ಲಗೆ ಹೇಳಿದ. ಅವಳು ಬರೆದಳು. ಷರತ್ತನ್ನೂ ಸ್ಟಿಕ್ಕರನ್ನೂ ತನ್ನ ಸಹಿಯನ್ನೂ ಬರೆದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಬರೆದದ್ದರಿಂದ ಎದೆ ಒಂದಿಷ್ಟೂ ಹಗುರಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಯಾಕಪ್ಪನ ಹೆಂಡತಿ ಕಾದಿದ್ದಳು. ಮೇಡಂ ಪಕ್ಕದಲ್ಲಿ ಕೂತಳು.

"ಹೇಳಿದ ಮಾತನ್ನ ನಮ್ಮನೆಯವ್ರು ಕೇಳಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಮೇನೇಜರ್ ಸಾರ್ ಫೋನಲ್ಲಿ ಅಂದ್ರು" ಎಂದಳು ಹೆಂಡತಿ. "ನಂಗೆ ನಂಬಿಕೆ ಬರ್ತಿಲ್ಲ. ಮೊದಲನೇ ದಿನ ಮನೆಗೆ ಬಂದು ನೀವು ಹೇಳಿದ್ದನ್ನೆಲ್ಲ ಮಕ್ಕಳ ಮುಂದೆ ಒಪ್ಪಿಸಿದ್ರು. ಮಿಕ್ಕವ್ರೆಲ್ಲ ನಿದ್ದೆ ಹೊಡೀತಿದ್ರಂತೆ. ನಿಜ ಹೇಳಿ ಮೇಡಂ. ತಪ್ಪು ಅವರದಾ?"

"ಇಲ್ಲಮ್ಮಾ. ಒಂದು ಮಾತೂ ಮೀರಲಿಲ್ಲ. ನಡೀಬಹುದು ಅಂತ ನಾನು ಹೇಳಿದ ಹಳದಿ ಹಲಗೆ ಮೇಲೇ ಕಾಲಿಟ್ಟರು. ತಪ್ಪು ನಮ್ಮದು. ನಂದೂ ಇದೆ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನ ಮಾನ ಉಳಿಯಿತೆಂದು ಅರೆಗಳಿಗೆ ಸಮಾಧಾನವಾದಂತೆ ಕಂಡಿತು. ಆಮೇಲೆ ಏನೋ ಹೊಳೆದು, ನಿಧಾನವಾಗಿ ಮೇಡಂ ಕಡೆ ತಿರುಗಿದಳು.

"ಹಂಗಾದ್ರೆ, ಮಿಕ್ಕವ್ರ ಥರ ಅವತ್ತು ಪಾಠದಲ್ಲಿ ಇವ್ರೂ ನಿದ್ದೆ ಮಾಡಿದ್ರೆ, ಆ ಹಲಗೆ ಮೇಲೆ ಕಾಲಿಡದೆ ಬದುಕಿರ್ತಿದ್ರಾ?"

ಮೇಡಂ ಅವಳ ಕೈ ಹಿಡಿದುಕೊಳ್ಳಲು ಹೋಗಿ, ಹಿಡಿಯಲಾರದೆ ಬಿಟ್ಟಳು.

"ಹೌದಮ್ಮಾ" ಎಂದಳು.