ಪಾತ್ರೆಯ ಅಂಚಿನ ಅಳತೆ

ಚಳಿ ಬಿಟ್ಟು ಬಿಸಿಲು ಏರುತ್ತಿದ್ದ ಕಾಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ನೆಲಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಕೊರಿಯರ್‌ನವನು ಬಂದು, ನಾವು ಕಳಿಸಿದ್ದ ಸ್ಟೀಲ್ ಪಾತ್ರೆಯನ್ನು ನಮಗೇ ವಾಪಸು ಕೊಟ್ಟು ಹೋದ. ಜೊತೆಯಲ್ಲಿ ಗಿರಾಕಿ ಬರೆದ ಒಂದು ಸಾಲಿನ ಚೀಟಿ ಇತ್ತು. ಫೋನಿನಲ್ಲಿ ದಪ್ಪ ಒಂದೂವರೆ ಮಿಲಿಮೀಟರಿಗೂ ಮೇಲೆ ಎಂದು ಹಾಕಿದ್ದೀರಿ, ಇದು ಅದರ ಅರ್ಧವೂ ಇಲ್ಲ.

ಅಂಗಡಿ ನನ್ನ ತಮ್ಮನದು. ಗಲ್ಲಾದ ಪಕ್ಕದ ಸ್ಟೂಲು ಅವನ ಅಕ್ಕನಾದ ನನ್ನದು. ಫೋನಿನಲ್ಲಿ ಪಾತ್ರೆಗಳ ಚಿತ್ರ ಹಾಕಿ ವಿವರ ಬರೆಯುವ ಕೆಲಸ ತಮ್ಮನ ಸೊಸೆಯದು. ಪಾತ್ರೆ ಮಾಡಿ ಕೊಡುವವರು ಸೊಸೆಯ ತಂದೆ, ಅಂದರೆ ನಮ್ಮ ಬೀಗರು.

ತಮ್ಮ ದಪ್ಪ ಅಳೆಯುವ ಕ್ಯಾಲಿಪರ್ ತೆಗೆದು ಪಾತ್ರೆಯ ಬಾಯಿಯ ಅಂಚಿಗೆ ಹಿಡಿದ. 1.6 ತೋರಿಸಿತು. ಇನ್ನೊಂದು ಕಡೆ ಹಿಡಿದ, ಅಲ್ಲೂ ಅಷ್ಟೇ. ಗಿರಾಕಿ ಸುಳ್ಳುಗಾರ ಎಂದ. ಮಧ್ಯಾಹ್ನ ಊಟಕ್ಕೆ ಕುಳಿತಾಗ, ಇಲ್ಲ, ಈ ಸಲದ ಮಾಲಿನಲ್ಲೇ ಬೀಗರು ತೆಳು ತಗಡು ತುರುಕಿದ್ದಾರೆ ಎಂದ. ಎರಡನ್ನೂ ಒಟ್ಟಿಗೆ ನಂಬಲು ಅವನಿಗೆ ಕಷ್ಟವಾಗಲಿಲ್ಲ. ಸೊಸೆ ಸಾರಿನ ಸೌಟು ಹಿಡಿದು ನಿಂತಿದ್ದಳು. ಅವಳ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ತಮ್ಮ ಬೀಗರಿಗೆ ಫೋನು ಮಾಡಿ ಮೋಸ ಎಂಬ ಮಾತನ್ನೇ ಆಡಿಬಿಟ್ಟ. ಅವರು ಜಗಳವಾಡಲಿಲ್ಲ. ನಾಳೆ ಬರುತ್ತೇನೆ ಎಂದು ಫೋನಿಟ್ಟರು. ಸೊಸೆ ಕೋಣೆಗೆ ಹೋಗಿ ತನ್ನ ಸೀರೆಗಳನ್ನು ಮಡಚತೊಡಗಿದಳು. ಏನಮ್ಮಾ ಇದು ಎಂದು ಕೇಳಿದೆ.

“ಅಪ್ಪ ಮೋಸಗಾರ ಅಂತಾದ್ರೆ ನಾನಿಲ್ಲಿ ಯಾವ ಮುಖ ಇಟ್ಕೊಂಡು ಇರ್ಲಿ ಅತ್ತೆ? ನಾಳೆ ಅವರ ಜೊತೇಲೇ ಹೊರಡ್ತೀನಿ.”

ಬೀಗರು ಮರುದಿನ, ಮಂಗಳವಾರ, ಬಂದರು. ನೀರು ಕುಡಿದರು. ಚೀಲದಿಂದ ತಗಡು ಕತ್ತರಿಸುವ ಕತ್ತರಿ ತೆಗೆದು, ವಾಪಸು ಬಂದ ಪಾತ್ರೆಯನ್ನು ಬಾಯಿಂದ ತಳದವರೆಗೆ ಸೀಳಿದರು. ಒಳ್ಳೆಯ ಪಾತ್ರೆ ಕಣ್ರೀ ಎಂದು ತಮ್ಮ ನರಳಿದ.

ಸೀಳಿದ ಜಾಗ ನೋಡಿದರೆ ಎಲ್ಲರಿಗೂ ಕಂಡಿತು. ಬಾಯಿ ಕೈಯನ್ನು ಕೊಯ್ಯದಿರಲೆಂದು ತಗಡನ್ನು ಹೊರಕ್ಕೆ ಮಡಚಿ ಒತ್ತಿರುತ್ತಾರೆ. ಅಲ್ಲಿ ಎರಡು ಪದರ. ತಮ್ಮನ ಕ್ಯಾಲಿಪರ್ ಇಷ್ಟು ವರ್ಷ ಆ ಮಡಿಕೆಯನ್ನೇ ಹಿಡಿಯುತ್ತಿತ್ತು. ಕೆಳಗೆ ಗೋಡೆಯಲ್ಲಿ ಹಿಡಿದರೆ 0.7.

“ನಾನು ಕೊಟ್ಟಿದ್ದು 0.8ರ ತಗಡು. ಅಚ್ಚಿನಲ್ಲಿ ಎಳೆದಾಗ ಗೋಡೆ ಸ್ವಲ್ಪ ತೆಳ್ಳಗಾಗುತ್ತೆ,” ಎಂದರು ಬೀಗರು. “ನಾನು ನಿಮಗೆ ತೂಕದ ಮೇಲೆ ಮಾರಿದೋನು. ದಪ್ಪದ ಮಾತು ನನ್ನ ಬಾಯಲ್ಲಿ ಯಾವತ್ತು ಬಂದಿತ್ತು ಹೇಳಿ.”

ತಮ್ಮ ನೆನಪು ಮಾಡಿಕೊಂಡ. ಬಂದಿರಲಿಲ್ಲ. 1.6 ಎಂದು ಸೊಸೆಗೆ ಬರೆಸಿದವನು ತಾನೇ. ಇದನ್ನು ಒಪ್ಪಿಕೊಳ್ಳುವ ಬದಲು ಅವನು, ಹಾಗಾದರೆ ಅಂಚಿನಲ್ಲಿ 1.6 ಎಂದು ಹಾಕೋಣ, ಸುಳ್ಳೇನಲ್ಲವಲ್ಲ ಎಂದ.

ಸೊಸೆ ಹೊರಗೆ ಬಂದಳು. ಕೈಯಲ್ಲಿ ಚೀಲವೂ ಇತ್ತು, ಫೋನೂ ಇತ್ತು. ತಾನು ಆಗಷ್ಟೇ ತಿದ್ದಿ ಬರೆದದ್ದನ್ನು ಓದಿದಳು.

“ಸ್ಟೀಲಿನ ದರ್ಜೆ 202. ದಿನದ ಅಡಿಗೆಗೆ ಆಗುತ್ತದೆ. ಉಪ್ಪು, ಹುಳಿ ಇರುವ ಪದಾರ್ಥವನ್ನು ರಾತ್ರಿಯಿಡೀ ಇಡಬೇಡಿ, ಕಲೆ ಬೀಳಬಹುದು. ಗೋಡೆಯ ದಪ್ಪ 0.7 ಮಿಲಿಮೀಟರ್, ಬಾಯಿಯ ಮಡಿಕೆ ಬಿಟ್ಟು. ಅಳತೆ...” ಅಲ್ಲಿ ನಿಲ್ಲಿಸಿದಳು. “ಅಳತೆ ಎಷ್ಟು ಹಾಕ್ಲಿ ಮಾವ?”

“ಐದು ಲೀಟರ್. ಎಲ್ಲರಿಗೂ ಗೊತ್ತಿರೋದೇ.”

“ಬಾಯಿವರೆಗೂ ತುಂಬಿದ್ರೆ ಐದು. ಹಾಲು ಕಾಯಿಸೋರು ಬಾಯಿವರೆಗೂ ತುಂಬ್ತಾರಾ?”

“ಇಷ್ಟೆಲ್ಲ ಓದಿ ಯಾರು ತಗೋತಾರೆ? ಮೇಲಿನ ದರ್ಜೆ 304 ಇದ್ರೆ ಹೇಳ್ಕೋಬೇಕು, 202 ಅಂತ ಡಂಗುರ ಹೊಡೀತಾರಾ?”

“ಹೀಗೆ ಬರೆಯೋದಾದ್ರೆ ಇರ್ತೀನಿ ಮಾವ. ಇಲ್ಲಾಂದ್ರೆ ನಾಳೆ ಮತ್ತೆ ಒಂದು ವಾಪಸ್ ಬರುತ್ತೆ, ನೀವು ಮತ್ತೆ ಅಪ್ಪನ್ನ ಬೈತೀರ.”

ಅವಳ ಗಂಡ ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಅವು ಮೊದಲೇ ಜೋಡಿಸಿಟ್ಟವು. ಬೀಗರು ಗೋಡೆಯ ಗಡಿಯಾರ ನೋಡುತ್ತಿದ್ದರು. ಅದು ನಿಂತು ವರ್ಷವಾಗಿತ್ತು.

ತಮ್ಮ ಎದ್ದ. ಅಟ್ಟಣಿಗೆಯಿಂದ ಅದೇ ಅಳತೆಯ ಹೊಸ ಪಾತ್ರೆ ಇಳಿಸಿ, ಲೀಟರ್ ಅಳತೆಯ ಚೊಂಬಿನಲ್ಲಿ ನೀರು ಹೊಯ್ದ. ನಾಲ್ಕನೆಯದು ಹೊಯ್ದಾಗ ಬಾಯಿಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಐದನೆಯದರಲ್ಲಿ ಅಂಚಿಗೆ ಬಂದು ನಿಂತಿತು. ಪಾತ್ರೆ ಎತ್ತಲು ಹೋದ, ಅಂಗಿಯೆಲ್ಲ ಒದ್ದೆಯಾಯಿತು.

“ಹಾಕಮ್ಮ,” ಎಂದ, ಅಂಗಿ ಹಿಂಡುತ್ತಾ. “ತುಂಬಿದ್ರೆ ಐದು. ಅಡಿಗೆಗೆ ನಾಲ್ಕು, ಹಾಲಿಗೆ ಮೂರೂವರೆ. ಅದೇನೋ 202 ಅಂದ್ಯಲ್ಲ, ಅದನ್ನೂ ಹಾಕು.”

ಬೀಗರಿಗೆ ಅವನು ತಪ್ಪಾಯಿತು ಎನ್ನಲಿಲ್ಲ. ಊಟಕ್ಕೆ ಕುಳಿತಾಗ ತಾನೇ ಅವರ ತಟ್ಟೆಗೆ ಅನ್ನ ಬಡಿಸಿ, ಸಾಕು ಎಂದರೂ ಇನ್ನೊಂದು ಸೌಟು ಸಾರು ಹಾಕಿದ. ಬೀಗರು ಕಷ್ಟಪಟ್ಟು ಉಂಡರು.

ಆ ವಾರ ಆ ಪಾತ್ರೆಯನ್ನು ಫೋನಿನಲ್ಲಿ ಯಾರೂ ಕೊಳ್ಳಲಿಲ್ಲ. ಯಾರೂ ವಾಪಸು ಕಳಿಸಲೂ ಇಲ್ಲ. ಎರಡನ್ನೂ ತಮ್ಮ ಒಂದೇ ದನಿಯಲ್ಲಿ ಹೇಳುತ್ತಿದ್ದ.

ಬೀಗರು ಬುಧವಾರ ಬೆಳಿಗ್ಗೆಯೇ ಹೊರಟಿದ್ದರು. ಒಬ್ಬರೇ.